ಕಂದಾಯ ರಸೀದಿಯ ಸಾಲುಗಳನ್ನು ಓದುವುದು ಹೇಗೆ?

ಮೈಸೂರಿನಲ್ಲಿ ಸ್ವಂತ ಮನೆಯಿರುವವರು ಪಾಲಿಕೆಗೆ ವರ್ಷಕ್ಕೊಮ್ಮೆ ಕಂದಾಯ ಕಟ್ಟುತ್ತಾರೆ. ಆ ರಸೀದಿ ಮನೆಯಲ್ಲಿದ್ದರೆ ನಾಳೆ ತರಗತಿಗೆ ತನ್ನಿ. ತೆರಿಗೆ, ಸೆಸ್, ಶುಲ್ಕ, ದಂಡ, ಸರ್ಚಾರ್ಜ್ ಇವುಗಳ ವ್ಯತ್ಯಾಸ ಹೇಳಲು ಪಠ್ಯಪುಸ್ತಕದ ವ್ಯಾಖ್ಯೆಗಿಂತ ಅದರಿಂದ ಪಾಠ ಶುರುಮಾಡುವುದು ಚೆನ್ನ.

ಆಸ್ತಿ ತೆರಿಗೆ 10,000 ರೂಪಾಯಿ ಎಂದಿಟ್ಟುಕೊಳ್ಳಿ. ಇದು ತೆರಿಗೆ. ನಮ್ಮ ಬೀದಿಯ ದೀಪ ಉರಿಯುತ್ತಿಲ್ಲ, ಹಾಗಾಗಿ ಕಟ್ಟುವುದಿಲ್ಲ ಎನ್ನುವಂತಿಲ್ಲ. ಇದು ಇಂಥ ಸೇವೆಗೆ ಇಷ್ಟು ಎಂದು ಕೊಡುವ ಬೆಲೆಯಲ್ಲ.

ಅದರ ಕೆಳಗೆ ಸೆಸ್‌ಗಳು ಬರುತ್ತವೆ: ಆರೋಗ್ಯಕ್ಕೆ ತೆರಿಗೆಯ ಶೇ 15, ಗ್ರಂಥಾಲಯಕ್ಕೆ 6, ಭಿಕ್ಷುಕರ ಪರಿಹಾರಕ್ಕೆ 3, ನಗರ ಸಾರಿಗೆಗೆ 2. ಒಟ್ಟು 2,600 ರೂಪಾಯಿ. ಸೆಸ್ ಕೂಡ ಕಡ್ಡಾಯವೇ, ಆದರೆ ಅದರ ಹಣಕ್ಕೆ ಉದ್ದೇಶ ಮೊದಲೇ ಗೊತ್ತಾಗಿರುತ್ತದೆ. ಗ್ರಂಥಾಲಯದ 600 ರೂಪಾಯಿಯಲ್ಲಿ ಪಾಲಿಕೆ ರಸ್ತೆ ಗುಂಡಿ ಮುಚ್ಚುವಂತಿಲ್ಲ. ಹಾಗೆಂದು ನೀವು ಗ್ರಂಥಾಲಯದ ಮೆಟ್ಟಿಲು ಹತ್ತದಿದ್ದರೂ ವಿನಾಯಿತಿ ಇಲ್ಲ. ವಸೂಲಾದ ಗ್ರಂಥಾಲಯ ಸೆಸ್ಸನ್ನು ಸ್ಥಳೀಯ ಸಂಸ್ಥೆಗಳು ಇಲಾಖೆಗೆ ದಾಟಿಸದೆ ಬಾಕಿ ಉಳಿಸಿಕೊಳ್ಳುತ್ತವೆ ಎಂಬುದು ನಮ್ಮ ರಾಜ್ಯದ ಹಳೆಯ ತಕರಾರು.

ಶುಲ್ಕಕ್ಕೆ ಪ್ರತಿಯಾಗಿ ಸೇವೆ ಇರಬೇಕು. ಹೆಸರು ನೋಡಿ ಇದನ್ನು ತೀರ್ಮಾನಿಸಲಾಗದು. 1954ರಲ್ಲಿ ನಮ್ಮ ಉಡುಪಿಯ ಶಿರೂರು ಮಠದ ಮೊಕದ್ದಮೆಯಲ್ಲಿ ಈ ಪ್ರಶ್ನೆಯೇ ಬಂತು. ಮಠಗಳ ಆದಾಯದಿಂದ ಮದ್ರಾಸ್ ಸರ್ಕಾರ ವಂತಿಗೆ ಪಡೆಯುವುದಕ್ಕೆ ಕಾನೂನು ಮಾಡಿತ್ತು. ಆ ಹಣ ಸರ್ಕಾರದ ಸಾಮಾನ್ಯ ಬೊಕ್ಕಸಕ್ಕೆ ಹೋಗುತ್ತಿತ್ತು, ಸೇವೆಯ ಖರ್ಚಿಗೂ ಅದಕ್ಕೂ ತಾಳೆಯಿರಲಿಲ್ಲ. ಹಾಗಾಗಿ ಇದು ಶುಲ್ಕವಲ್ಲ, ತೆರಿಗೆ ಎಂದು ಸುಪ್ರೀಂ ಕೋರ್ಟ್ ಹೇಳಿತು. ತೆರಿಗೆ ಎಂದಾದ ಮೇಲೆ ಅದನ್ನು ಹಾಕುವ ಅಧಿಕಾರ ಆ ಶಾಸಕಾಂಗಕ್ಕೆ ಇರಲಿಲ್ಲ, ವಂತಿಗೆ ಬಿದ್ದುಹೋಯಿತು.

ದಂಡ ಸುಲಭ. ಹೆಲ್ಮೆಟ್ ಇಲ್ಲದೆ ಸಿಕ್ಕಿಬಿದ್ದರೆ 500 ರೂಪಾಯಿ. ತಪ್ಪಿದ್ದರೆ ಮಾತ್ರ ದಂಡ. ಎಲ್ಲರೂ ಹೆಲ್ಮೆಟ್ ಹಾಕಿ ಆ ಬಾಬ್ತಿನಲ್ಲಿ ಒಂದು ಪೈಸೆಯೂ ಬರದಿದ್ದರೆ ಕಾನೂನು ಗೆದ್ದಂತೆ.

ಸರ್ಚಾರ್ಜ್ ಈ ರಸೀದಿಯಲ್ಲಿಲ್ಲ, ಅದಕ್ಕೆ ಆದಾಯ ತೆರಿಗೆಯ ಲೆಕ್ಕ ಬೇಕು. ವರ್ಷದ ಆದಾಯ 50 ಲಕ್ಷ ದಾಟಿ ಒಂದು ಕೋಟಿಯೊಳಗಿದ್ದರೆ ತೆರಿಗೆಯ ಮೇಲೆ ಶೇ 10 ಸರ್ಚಾರ್ಜ್. ತೆರಿಗೆ 20 ಲಕ್ಷ ಬಂದರೆ ಸರ್ಚಾರ್ಜ್ 2 ಲಕ್ಷ. ಇವೆರಡೂ ಸೇರಿದ 22 ಲಕ್ಷದ ಮೇಲೆ ಆರೋಗ್ಯ ಮತ್ತು ಶಿಕ್ಷಣ ಸೆಸ್ ಶೇ 4, ಅಂದರೆ 88,000. ಸರ್ಚಾರ್ಜ್‌ಗೆ ಸೆಸ್‌ನಂತೆ ನಿಗದಿತ ಉದ್ದೇಶವಿಲ್ಲ, ಕೇಂದ್ರ ಯಾವುದಕ್ಕೆ ಬೇಕಾದರೂ ಖರ್ಚು ಮಾಡಬಹುದು.

ರಾಜ್ಯಗಳ ಸಿಟ್ಟು ಇರುವುದು ಇಲ್ಲಿಯೇ. ಸಂವಿಧಾನದ 270ನೇ ವಿಧಿಯಂತೆ ಹಂಚಿಕೆಯಾಗುವುದು ಆ 20 ಲಕ್ಷ ಮಾತ್ರ. 15ನೇ ಹಣಕಾಸು ಆಯೋಗ ಹೇಳಿದ ಶೇ 41ರ ಲೆಕ್ಕದಲ್ಲಿ ಎಲ್ಲ ರಾಜ್ಯಗಳಿಗೂ ಸೇರಿ ಸುಮಾರು 8.2 ಲಕ್ಷ. ಮೇಲಿನ 2.88 ಲಕ್ಷದಲ್ಲಿ ಕರ್ನಾಟಕಕ್ಕಾಗಲಿ ಬೇರೆ ರಾಜ್ಯಕ್ಕಾಗಲಿ ಪಾಲಿಲ್ಲ. ತೆರಿಗೆ ದರ ಏರಿಸುವ ಬದಲು ಸೆಸ್, ಸರ್ಚಾರ್ಜ್ ಏರಿಸಿದರೆ ಕಟ್ಟುವವರಿಗೆ ಹೊರೆ ಒಂದೇ, ಆದರೆ ಬೆಂಗಳೂರಿನ ಬೊಕ್ಕಸಕ್ಕೆ ಏನೂ ಬರುವುದಿಲ್ಲ.