ಮಿದುಳಿನ ಒಂದು ಎಂಆರ್‌ಐ ಚಿತ್ರಕ್ಕೆ ಕಿರು ಉತ್ತರದ ಪ್ರಶ್ನೆಗಳು

ಅಂಗರಚನಾಶಾಸ್ತ್ರ ಕಲಿಸುವ ಮಿತ್ರರೇ, ಕಲಿಯುತ್ತಿರುವ ವಿದ್ಯಾರ್ಥಿಗಳೇ, ಎಲ್ಲರಿಗೂ ನಮಸ್ಕಾರ.

ಇಂದು ನಾನು ಒಂದೇ ಒಂದು ಚಿತ್ರವನ್ನು ಹಿಡಿದುಕೊಂಡು ಮಾತನಾಡುತ್ತೇನೆ. ಪರದೆಯ ಮೇಲೆ ಕಾಣುತ್ತಿರುವುದು ಮಿದುಳಿನ ಅಡ್ಡ ಕೊಯ್ತದ ಎಂಆರ್‌ಐ. ಟಿ1 ಮಾದರಿಯದು, ಥಾಲಮಸ್ ಮಟ್ಟದ್ದು. ಮೇಲೆ ಹಣೆ, ಕೆಳಗೆ ಹಿಂದಲೆ. ಆರು ಗೆರೆಗಳಿವೆ, ಒಂದೊಂದರ ತುದಿಯಲ್ಲಿ ಒಂದು ಅಂಕಿ. 1 ಕಾಡೇಟ್‌ನ ತಲೆ, 2 ಇಂಟರ್ನಲ್ ಕ್ಯಾಪ್ಸೂಲಿನ ಮುಂಗೈ, 3 ಅದರ ಹಿಂಗೈ, 4 ಪ್ಯುಟಾಮೆನ್, 5 ಥಾಲಮಸ್, 6 ನಡುವಿನ ಮೂರನೆಯ ವೆಂಟ್ರಿಕಲ್. ಆರನೆಯದನ್ನು ಬಿಟ್ಟರೆ ಉಳಿದೆಲ್ಲ ಗುರುತುಗಳೂ ಚಿತ್ರದ ಎಡಭಾಗದಲ್ಲಿವೆ. ಮಾತು ಹೆಚ್ಚಾಗಿ ಮೂರನೆಯ ಗುರುತಿನ ಸುತ್ತಲೇ ನಡೆಯುತ್ತದೆ.

ಇಂತಹ ಚಿತ್ರಕ್ಕೆ ನಾವು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಹೀಗಿರುತ್ತದೆ: ‘3 ಎಂದು ಗುರುತಿಸಿದ ಭಾಗವನ್ನು ಹೆಸರಿಸಿ. ಅದರ ಮೂಲಕ ಹಾದುಹೋಗುವ ನರತಂತುಗಳನ್ನು ಪಟ್ಟಿ ಮಾಡಿ. ಅದರ ರಕ್ತಪೂರೈಕೆಯನ್ನು ತಿಳಿಸಿ.’ ನೋಡಲು ಅಚ್ಚುಕಟ್ಟಾಗಿದೆ. ಆದರೆ ಚಿತ್ರ ನೋಡಿ ಉತ್ತರಿಸಬೇಕಾದದ್ದು ಮೊದಲ ಸಾಲಿಗೆ ಮಾತ್ರ. ಉಳಿದೆರಡು ಪಠ್ಯಪುಸ್ತಕದ ಕಂಠಪಾಠ. ಅದಕ್ಕಿಂತ ದೊಡ್ಡ ತೊಂದರೆ ಎಂದರೆ, ಮೊದಲ ಸಾಲಿನಲ್ಲಿ ಎಡವಿದ ವಿದ್ಯಾರ್ಥಿ ಉಳಿದ ಅಂಕಗಳನ್ನೂ ಕಳೆದುಕೊಳ್ಳುತ್ತಾನೆ. ಅವನು ಮುಂಗೈ ಎಂದು ತಪ್ಪಾಗಿ ಗುರುತಿಸಿ, ಮುಂಗೈಯ ತಂತುಗಳನ್ನು ಸರಿಯಾಗಿಯೇ ಬರೆದಿದ್ದರೂ ಅವನಿಗೆ ಸಿಗುವುದು ಸೊನ್ನೆ. ಒಂದೇ ತಪ್ಪಿಗೆ ಮೂರು ಬಾರಿ ದಂಡ.

ಆದ್ದರಿಂದ ಪ್ರಶ್ನೆ ಬರೆದ ಮೇಲೆ ನಾನು ಮೊದಲು ಮಾಡುವ ಪರೀಕ್ಷೆ ಇದು: ಚಿತ್ರವನ್ನು ಕೈಯಿಂದ ಮುಚ್ಚಿ ಪ್ರಶ್ನೆಯನ್ನು ಓದುವುದು. ಮುಚ್ಚಿದಾಗಲೂ ಉತ್ತರ ಹೊಳೆಯುವುದಾದರೆ ಆ ಪ್ರಶ್ನೆಗೆ ಚಿತ್ರ ಬೇಕಿಲ್ಲ, ಅದನ್ನು ಬೇರೆಡೆ ಕೇಳಬಹುದು.

ಇಂಟರ್ನಲ್ ಕ್ಯಾಪ್ಸೂಲನ್ನು ಈ ಪದರದಲ್ಲಿ ಹುಡುಕುವ ದಾರಿಯನ್ನು ಒಮ್ಮೆ ನಡೆದು ನೋಡೋಣ, ಏಕೆಂದರೆ ಒಳ್ಳೆಯ ಪ್ರಶ್ನೆ ಹುಟ್ಟುವುದು ಆ ದಾರಿಯಲ್ಲೇ. ಮೊದಲು ಕಪ್ಪಗೆ ಕಾಣುವ ದ್ರವವನ್ನು ಹಿಡಿಯಿರಿ. ಮುಂದೆ ಎರಡು ಪಾರ್ಶ್ವ ವೆಂಟ್ರಿಕಲ್‌ಗಳ ಕೊಂಬುಗಳಿವೆ. ಆ ಕೊಂಬಿನ ಹೊರಗೋಡೆಯನ್ನು ಒತ್ತಿ ಉಬ್ಬಿರುವುದು ಕಾಡೇಟ್‌ನ ತಲೆ. ನಡುವೆ ಸಣ್ಣ ಸೀಳಿನಂತಿರುವ ಮೂರನೆಯ ವೆಂಟ್ರಿಕಲ್, ಅದರ ಎರಡೂ ಬದಿಗೆ ಮೊಟ್ಟೆಯಾಕಾರದ ಥಾಲಮಸ್. ಇವೆರಡರ ಹೊರಬದಿಗೆ ಬೆಣೆಯಂತೆ ಮೊನೆಯನ್ನು ಒಳಗೆ ಚಾಚಿರುವುದು ಲೆಂಟಿಫಾರ್ಮ್ ನ್ಯೂಕ್ಲಿಯಸ್. ಈ ಮೂರು ಬೂದು ರಾಶಿಗಳ ನಡುವೆ ಉಳಿದ ಬಿಳಿ ಪಟ್ಟಿಯೇ ಇಂಟರ್ನಲ್ ಕ್ಯಾಪ್ಸೂಲ್. ಚಿತ್ರದ ಎಡಭಾಗದಲ್ಲಿ ಅದು > ಗುರುತಿನ ಆಕಾರದಲ್ಲಿ, ಬಲಭಾಗದಲ್ಲಿ < ಆಕಾರದಲ್ಲಿ ಕಾಣುತ್ತದೆ. ಮೊನೆ ಯಾವಾಗಲೂ ನಡುಗೆರೆಯ ಕಡೆಗಿರುತ್ತದೆ. ಆ ಮೊನೆಯೇ ಜೀನು, ಅಂದರೆ ಮಂಡಿ.

ಹಾಗಾದರೆ ಮೊದಲ ಪ್ರಶ್ನೆಯನ್ನು ಹೀಗೆ ಬರೆಯಬಹುದು: ‘3ನೆಯ ಗುರುತಿನ ಭಾಗ ಯಾವುದು? ಅದರ ಒಳಬದಿ ಮತ್ತು ಹೊರಬದಿಯಲ್ಲಿರುವ ಬೂದು ರಾಶಿಗಳನ್ನು ಹೆಸರಿಸಿ ನಿಮ್ಮ ಉತ್ತರವನ್ನು ಸಮರ್ಥಿಸಿ.’ ಹೆಸರಿಗೆ ಒಂದು ಅಂಕ, ಒಳಬದಿಯ ಥಾಲಮಸ್‌ಗೆ ಒಂದು, ಹೊರಬದಿಯ ಲೆಂಟಿಫಾರ್ಮ್‌ಗೆ ಒಂದು. ಇಲ್ಲಿ ತಪ್ಪು ಉತ್ತರವೂ ನಮಗೆ ಏನನ್ನಾದರೂ ಹೇಳುತ್ತದೆ. ಒಳಬದಿಯಲ್ಲಿ ಕಾಡೇಟ್ ಎಂದು ಬರೆದವನು ಚಿತ್ರದ ಹಿಂದುಮುಂದನ್ನು ಅದಲುಬದಲು ಮಾಡಿಕೊಂಡಿದ್ದಾನೆ. ಒಳಬದಿಯಲ್ಲಿ ಲೆಂಟಿಫಾರ್ಮ್, ಹೊರಬದಿಯಲ್ಲಿ ಕ್ಲಾಸ್ಟ್ರಮ್ ಎಂದು ಬರೆದವನು ಎಕ್ಸ್‌ಟರ್ನಲ್ ಕ್ಯಾಪ್ಸೂಲನ್ನು ನೋಡುತ್ತಿದ್ದಾನೆ. ಬರಿಯ ಹೆಸರನ್ನು ಕೇಳಿದ್ದರೆ ಈ ಇಬ್ಬರ ಗೊಂದಲ ನಮಗೆ ಗೊತ್ತಾಗುತ್ತಲೇ ಇರಲಿಲ್ಲ.

ಇನ್ನು ಎಡ ಬಲದ ವಿಷಯಕ್ಕೆ ಬರುತ್ತೇನೆ. ಇದು ಈ ಚಿತ್ರದ ಅತ್ಯಂತ ಸ್ವಾರಸ್ಯದ ಭಾಗ, ಪ್ರಶ್ನೆ ಬರೆಯುವವರು ಹೆಚ್ಚಾಗಿ ಸಿಕ್ಕಿಹಾಕಿಕೊಳ್ಳುವುದೂ ಇಲ್ಲಿಯೇ. ಅಡ್ಡ ಪದರವನ್ನು ಮಲಗಿದ ರೋಗಿಯ ಕಾಲ ಕಡೆಯಿಂದ ನೋಡಿದಂತೆ ತೋರಿಸುವುದು ರೂಢಿ. ಹಾಗಾಗಿ ರೋಗಿಯ ಬಲಬದಿ ಚಿತ್ರದ ಎಡಕ್ಕೆ ಬರುತ್ತದೆ. ನಮ್ಮ 3ನೆಯ ಗುರುತು ಚಿತ್ರದ ಎಡದಲ್ಲಿದೆ, ಎಂದರೆ ಅದು ರೋಗಿಯ ಬಲ ಇಂಟರ್ನಲ್ ಕ್ಯಾಪ್ಸೂಲ್.

ಈಗ ಒಂದು ಪ್ರಕರಣ ಕೊಡೋಣ. ರಕ್ತದೊತ್ತಡವಿರುವ ಅರವತ್ತು ದಾಟಿದ ವ್ಯಕ್ತಿಗೆ 3ನೆಯ ಗುರುತಿನ ಜಾಗದಲ್ಲಿ ಸಣ್ಣ ಇನ್‌ಫಾರ್ಕ್ಟ್ ಆಗಿದೆ. ‘ದೇಹದ ಯಾವ ಬದಿ ದುರ್ಬಲವಾಗುತ್ತದೆ?’ ಸರಿಯುತ್ತರ ಎಡಬದಿ. ಮೂವರು ವಿದ್ಯಾರ್ಥಿಗಳನ್ನು ಊಹಿಸಿಕೊಳ್ಳಿ. ಮೊದಲನೆಯವಳಿಗೆ ಚಿತ್ರದ ರೂಢಿಯೂ ಗೊತ್ತು, ಕಾರ್ಟಿಕೋಸ್ಪೈನಲ್ ತಂತುಗಳಲ್ಲಿ ಹೆಚ್ಚಿನವು ಮೆಡುಲ್ಲಾದ ಕೆಳತುದಿಯಲ್ಲಿ ಅಡ್ಡ ದಾಟುತ್ತವೆ ಎಂಬುದೂ ಗೊತ್ತು. ಗುರುತು ಇರುವುದು ರೋಗಿಯ ಬಲದಲ್ಲಿ, ಆದ್ದರಿಂದ ದೌರ್ಬಲ್ಯ ಎಡಕ್ಕೆ ಎಂದು ಬರೆಯುತ್ತಾಳೆ. ಎರಡನೆಯವನಿಗೆ ತಂತುಗಳು ದಾಟುವುದು ಗೊತ್ತು, ಚಿತ್ರದ ರೂಢಿ ಗೊತ್ತಿಲ್ಲ. ಚಿತ್ರದ ಎಡವನ್ನೇ ರೋಗಿಯ ಎಡ ಎಂದುಕೊಂಡು ಬಲಕ್ಕೆ ದೌರ್ಬಲ್ಯ ಎನ್ನುತ್ತಾನೆ. ಮೂರನೆಯವನಿಗೆ ಎರಡೂ ಗೊತ್ತಿಲ್ಲ. ಚಿತ್ರದ ಎಡ ರೋಗಿಯ ಎಡ, ಎಡ ಮಿದುಳು ಕೆಟ್ಟರೆ ಎಡಬದಿ ದುರ್ಬಲ ಎಂದು ಬರೆಯುತ್ತಾನೆ. ಅವನ ಎರಡು ತಪ್ಪುಗಳು ಒಂದನ್ನೊಂದು ಅಳಿಸಿಹಾಕಿ ಪೂರ್ಣ ಅಂಕ ಬರುತ್ತದೆ! ಅರ್ಧ ತಿಳಿದವನಿಗೆ ಸೊನ್ನೆ, ಏನೂ ತಿಳಿಯದವನಿಗೆ ಪೂರ್ಣ ಅಂಕ.

ಇಂತಹ ಪ್ರಶ್ನೆಯನ್ನು ನಾನು ಯಾವ ಪ್ರಶ್ನೆಪತ್ರಿಕೆಯಲ್ಲೂ ಒಪ್ಪಲಾರೆ. ಪರಿಹಾರ ಸುಲಭ, ಪ್ರಶ್ನೆಯನ್ನು ಎರಡಾಗಿ ಒಡೆಯಬೇಕು. ‘3ನೆಯ ಗುರುತು ರೋಗಿಯ ಯಾವ ಬದಿಯಲ್ಲಿದೆ?’ ಎಂಬುದು ಒಂದು. ‘ಅಲ್ಲಿ ಹಾನಿಯಾದರೆ ದೇಹದ ಯಾವ ಬದಿ ದುರ್ಬಲವಾಗುತ್ತದೆ, ಏಕೆ?’ ಎಂಬುದು ಇನ್ನೊಂದು. ಮಾದರಿ ಉತ್ತರದಲ್ಲಿ ಎರಡನೆಯದಕ್ಕೆ ಎದುರಾಗಿ ‘ಎಡ’ ಎಂದು ಬರೆಯಬೇಡಿ. ‘ವಿದ್ಯಾರ್ಥಿ ಮೊದಲ ಉತ್ತರದಲ್ಲಿ ಬರೆದ ಬದಿಗೆ ವಿರುದ್ಧವಾದ ಬದಿ, ಮೆಡುಲ್ಲಾದಲ್ಲಿ ತಂತುಗಳು ದಾಟುವ ಕಾರಣದೊಂದಿಗೆ’ ಎಂದು ಬರೆಯಿರಿ. ಆಗ ಎರಡನೆಯ ವಿದ್ಯಾರ್ಥಿ ಒಂದು ಕಡೆ ಮಾತ್ರ ಅಂಕ ಕಳೆದುಕೊಳ್ಳುತ್ತಾನೆ, ಮೂರನೆಯವನ ಎರಡು ತಪ್ಪುಗಳೂ ಕಣ್ಣಿಗೆ ಬೀಳುತ್ತವೆ. ಚಿತ್ರದ ಅಂಚಿನಲ್ಲಿ R ಅಥವಾ L ಅಕ್ಷರವಿದ್ದರೆ ಮೊದಲ ಪ್ರಶ್ನೆಗೆ ಅರ್ಥವಿಲ್ಲ. ಅದನ್ನು ತೆಗೆಯುವುದಾದರೆ ‘ಚಿತ್ರ ರೂಢಿಯಂತೆ ಇದೆ’ ಎಂಬ ಸಾಲನ್ನು ಸೇರಿಸಲೇಬೇಕು, ಇಲ್ಲದಿದ್ದರೆ ಉತ್ತರಕ್ಕೆ ಆಧಾರವೇ ಇರುವುದಿಲ್ಲ. ಅದೇ ಹೊತ್ತಿನಲ್ಲಿ ಮೂಲೆಯಲ್ಲಿರುವ ರೋಗಿಯ ಹೆಸರು, ಆಸ್ಪತ್ರೆ ಸಂಖ್ಯೆ, ದಿನಾಂಕಗಳನ್ನೂ ಅಳಿಸಿಬಿಡಿ.

ಇದೇ ಪ್ರಕರಣದಿಂದ ಇನ್ನೊಂದು ಪ್ರಶ್ನೆ ತೆಗೆಯಬಹುದು. ಇಷ್ಟು ಚಿಕ್ಕ ಗಾಯದಿಂದ ಮುಖ, ಕೈ, ಕಾಲು ಮೂರೂ ಬಿದ್ದುಹೋಗುವುದು ಏಕೆ? ಭಾಷಾ ಸಾಮರ್ಥ್ಯಕ್ಕೂ ಸಂವೇದನೆಗೂ ಧಕ್ಕೆಯಿಲ್ಲದೆ ಅರ್ಧ ದೇಹದ ಚಲನೆ ಮಾತ್ರ ಕುಂದುವ ಈ ಪಾರ್ಶ್ವವಾಯುವನ್ನು 1965ರಲ್ಲಿ ಫಿಷರ್ ಮತ್ತು ಕರಿ ಎಂಬ ವೈದ್ಯರು ವಿವರವಾಗಿ ವರ್ಣಿಸಿದರು. ಕಾರ್ಟೆಕ್ಸ್‌ನಲ್ಲಿ ಅಂಗೈಯಗಲ ಹರಡಿಕೊಂಡಿರುವ ಚಲನಾ ತಂತುಗಳು ಕೆಳಗಿಳಿಯುತ್ತ ಒತ್ತೊತ್ತಾಗಿ ಸೇರಿ, ಒಂದು ಸೆಂಟಿಮೀಟರಿಗಿಂತ ಕಿರಿದಾದ ಈ ಪಟ್ಟಿಯಲ್ಲಿ ನುಸುಳುತ್ತವೆ. ಕಾರ್ಟೆಕ್ಸ್‌ನಲ್ಲಿ ಇಷ್ಟೇ ಗಾತ್ರದ ಗಾಯವಾಗಿದ್ದರೆ ಕೈಯೋ ಮುಖವೋ ಮಾತ್ರ ತೊಂದರೆಗೆ ಸಿಲುಕುತ್ತಿತ್ತು. ಉತ್ತರದಲ್ಲಿ ಈ ಒತ್ತೊತ್ತಾಗಿ ಸೇರುವ ವಿಚಾರ ಬಂದರೆ ಸಾಕು, ತಂತುಗಳ ಪೂರ್ಣ ಪಟ್ಟಿ ಬೇಡ.

ಕೆಲವು ಪ್ರಶ್ನೆಗಳನ್ನು ಕೇಳದಿರುವುದೇ ಮೇಲು. ಕಾರ್ಟಿಕೋಸ್ಪೈನಲ್ ತಂತುಗಳು ಹಿಂಗೈಯ ಮುಂದಿನ ಅರ್ಧದಲ್ಲಿವೆಯೋ ಹಿಂದಿನ ಅರ್ಧದಲ್ಲಿವೆಯೋ ಎಂಬ ಪ್ರಶ್ನೆ ಅಂಥದ್ದು. ಹಳೆಯ ಪುಸ್ತಕಗಳು ಮುಂದಿನ ಭಾಗ ಎನ್ನುತ್ತವೆ. ಆದರೆ ತಂತುಗಳು ಕೆಳಗಿಳಿದಂತೆ ಹಿಂದಕ್ಕೆ ಸರಿಯುತ್ತವೆ, ಆದ್ದರಿಂದ ಉತ್ತರ ಪದರದ ಎತ್ತರವನ್ನು ಅವಲಂಬಿಸಿದೆ. ರಕ್ತನಾಳದ ಕಥೆಯೂ ಅದೇ. ಹಿಂಗೈಯ ಮೇಲ್ಭಾಗಕ್ಕೆ ಮಿಡಲ್ ಸೆರೆಬ್ರಲ್‌ನ ಲೆಂಟಿಕ್ಯುಲೋಸ್ಟ್ರಯೇಟ್ ಶಾಖೆಗಳು, ಕೆಳಭಾಗಕ್ಕೆ ಇಂಟರ್ನಲ್ ಕೆರೋಟಿಡ್‌ನಿಂದ ಹೊರಡುವ ಆಂಟೀರಿಯರ್ ಕೊರಾಯ್ಡಲ್. ನಡುಮಟ್ಟದ ಒಂದೇ ಪದರವನ್ನು ತೋರಿಸಿ ಒಂದೇ ನಾಳವನ್ನು ಕೇಳಿದರೆ ಸರಿಯಾಗಿ ಓದಿದವನಿಗೇ ಅನ್ಯಾಯ. ಕೇಳಲೇಬೇಕಿದ್ದರೆ ಎರಡರಲ್ಲಿ ಯಾವುದನ್ನು ಬರೆದರೂ ಅಂಕ ಎಂದು ಮೌಲ್ಯಮಾಪಕರಿಗೆ ಮೊದಲೇ ಬರೆದುಕೊಡಿ.

ಗೆರೆ ಎಳೆಯುವ ಕೆಲಸವನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಗ್ಲೋಬಸ್ ಪ್ಯಾಲಿಡಸ್‌ನಲ್ಲಿ ಮೈಲಿನ್ ತಂತುಗಳು ಹೆಚ್ಚು, ಹಾಗಾಗಿ ಟಿ1 ಚಿತ್ರದಲ್ಲಿ ಅದು ಪಕ್ಕದ ಬಿಳಿ ಪಟ್ಟಿಯ ಛಾಯೆಗೆ ಹತ್ತಿರವಾಗಿ ಗಡಿ ಮಸುಕಾಗುತ್ತದೆ. ಗೆರೆಯ ತುದಿ ಎರಡು ಮಿಲಿಮೀಟರ್ ಹೊರಗೆ ಸರಿದರೂ 3ನೆಯ ಗುರುತು ಪ್ಯಾಲಿಡಸ್ ಮೇಲೆ ಕೂರುತ್ತದೆ. ಅದಕ್ಕಾಗಿಯೇ ನಾನು ಹಿಂಗೈಯ ತುದಿಯನ್ನು ಥಾಲಮಸ್‌ನ ಪಕ್ಕಕ್ಕೆ ಇಡುತ್ತೇನೆ, ಬೂದು ರಾಶಿಯ ಗುರುತನ್ನು ಪ್ಯುಟಾಮೆನ್ ನಡುವೆ ಇಡುತ್ತೇನೆ, ಗೆರೆಯ ಕೊನೆಯಲ್ಲಿ ಬಾಣದ ಬದಲು ಸಣ್ಣ ಚುಕ್ಕೆ ಹಾಕುತ್ತೇನೆ. ಪರದೆಯಲ್ಲಿ ಸ್ಪಷ್ಟವಾಗಿ ಕಂಡದ್ದು ನಕಲು ಯಂತ್ರದಿಂದ ಹೊರಬಂದಾಗ ಕಾಡೇಟ್ ಯಾವುದು, ಕ್ಯಾಪ್ಸೂಲ್ ಯಾವುದು ತಿಳಿಯದಷ್ಟು ಕಪ್ಪಾಗಿರಬಹುದು. ಪರೀಕ್ಷೆಗೆ ಬಳಸುವ ಕಾಗದದ ಮೇಲೆಯೇ ಮುದ್ರಿಸಿ, ಪ್ರಶ್ನೆ ಬರೆಯದ ಸಹೋದ್ಯೋಗಿಯೊಬ್ಬರಿಗೆ ಕೊಟ್ಟು ಉತ್ತರ ಬರೆಸಿ. ಅವರು ತಡವರಿಸಿದ ಗುರುತನ್ನು ಸರಿಪಡಿಸಿ, ಆಗದಿದ್ದರೆ ಕೈಬಿಡಿ.

ಕೊನೆಯ ಪ್ರಶ್ನೆ ಆರನೆಯ ಗುರುತಿನದು. ‘ಇದು ಟಿ1 ಚಿತ್ರ ಎನ್ನಲು ಚಿತ್ರದಲ್ಲೇ ಕಾಣುವ ಕಾರಣಗಳನ್ನು ಕೊಡಿ.’ ಬಹುತೇಕರು ‘6ನೆಯ ಗುರುತಿನ ದ್ರವ ಕಪ್ಪಾಗಿದೆ’ ಎಂದು ಬರೆದು ನಿಲ್ಲಿಸುತ್ತಾರೆ. ಆ ಕಾರಣ ಟಿ2 ಅಲ್ಲ ಎನ್ನಲು ಸಾಕು. ಆದರೆ ಫ್ಲೇರ್ ಎಂಬ ಮಾದರಿಯಲ್ಲಿಯೂ ದ್ರವದ ಹೊಳಪನ್ನು ಅಡಗಿಸಿರುವುದರಿಂದ ಅದು ಕಪ್ಪಾಗಿಯೇ ಕಾಣುತ್ತದೆ. ಎರಡನ್ನೂ ಬೇರ್ಪಡಿಸುವುದು ಬೂದು ಮತ್ತು ಬಿಳಿಯ ಹೋಲಿಕೆ: ಟಿ1ನಲ್ಲಿ ಬಿಳಿ ದ್ರವ್ಯ ಬೂದು ದ್ರವ್ಯಕ್ಕಿಂತ ಬೆಳ್ಳಗಿರುತ್ತದೆ, ಫ್ಲೇರ್‌ನಲ್ಲಿ ಬೂದು ದ್ರವ್ಯವೇ ಹೆಚ್ಚು ಬೆಳ್ಳಗೆ. ಆದ್ದರಿಂದ ದ್ರವದ ಬಣ್ಣಕ್ಕೆ ಒಂದು ಅಂಕ, 3ನೆಯ ಗುರುತಿನ ಪಟ್ಟಿ 5ನೆಯ ಗುರುತಿನ ಥಾಲಮಸ್‌ಗಿಂತ ಬೆಳ್ಳಗಿದೆ ಎಂದು ಬರೆದವರಿಗೆ ಎರಡನೆಯ ಅಂಕ ಕೊಡಬೇಕು.