ಎರಡು ಫ್ರಿಜ್, ಒಂದು ಹಾಳೆ

ನಮಸ್ಕಾರ ಕೇಳುಗರೇ.

ಹೋದ ತಿಂಗಳು ನನ್ನ ತಂಗಿ ಎಂಟು ಸ್ಕ್ರೀನ್‌ಶಾಟ್ ಕಳಿಸಿದಳು. ಎರಡು ಫ್ರಿಜ್‌ಗಳದ್ದು. "ಅಕ್ಕ, ಯಾವುದು ತಗೊಳ್ಳಲಿ?" ಅಂದಳು. ಒಂದು 22,490 ರೂಪಾಯಿ, 253 ಲೀಟರ್. ಇನ್ನೊಂದು 24,990 ರೂಪಾಯಿ, 236 ಲೀಟರ್. ಮೊದಲನೆಯದು ಅಗ್ಗ, ದೊಡ್ಡದು ಕೂಡ. ಅದನ್ನೇ ತಗೋ ಅನ್ನಬೇಕು ಅನ್ನಿಸುತ್ತದೆ, ಅಲ್ವಾ?

ನಾನು ಒಂದು ಹಾಳೆ ತೆಗೆದುಕೊಂಡು ಮೂರು ಕಾಲಂ ಗೆರೆ ಹಾಕಿದೆ. ಮೊದಲ ಕಾಲಂನಲ್ಲಿ ನನಗೆ ಬೇಕಾದ ವಿಷಯಗಳು: ಕೈಯಿಂದ ಹೋಗುವ ಹಣ, ಲೀಟರ್, ವರ್ಷಕ್ಕೆ ಎಷ್ಟು ಯೂನಿಟ್ ಕರೆಂಟು, ವಾರಂಟಿ. ಈ ಸಾಲುಗಳನ್ನು ಮೊದಲೇ ಬರೆದುಕೊಳ್ಳಬೇಕು. ಇಲ್ಲದಿದ್ದರೆ ಮಾರುವವರು ದೊಡ್ಡ ಅಕ್ಷರದಲ್ಲಿ ಹಾಕಿದ್ದಷ್ಟೇ ನಮ್ಮ ಪಟ್ಟಿಗೆ ಬರುತ್ತದೆ.

ಚಿತ್ರದಿಂದ ಅಕ್ಷರ ಎತ್ತಿಕೊಡುವ ಸೌಲಭ್ಯ ಈಗ ಫೋನಿನಲ್ಲೇ ಇದೆ. ಅದು ಕೆಲಸ ಹಗುರ ಮಾಡುತ್ತದೆ, ನಿಜ. ಆದರೆ ಬೆಲೆಯ ವಿಷಯದಲ್ಲಿ ಜೋಪಾನ. ಅಡ್ಡಗೆರೆ ಎಳೆದ ಎಂಆರ್‌ಪಿ ಅದರಲ್ಲಿ ಗೆರೆಯಿಲ್ಲದೆ ಬರಬಹುದು. ರೂಪಾಯಿ ಚಿಹ್ನೆ ಕೆಲವೊಮ್ಮೆ 2 ಅಥವಾ 7 ಆಗಿ ಬೆಲೆಯ ಮುಂದೆ ಅಂಟಿಕೊಳ್ಳುತ್ತದೆ. ಹಾಗಾಗಿ ಪ್ರತಿ ಅಂಕಿಯನ್ನೂ ಚಿತ್ರದ ಜೊತೆ ಕಣ್ಣಾರೆ ತಾಳೆ ನೋಡಿದೆ.

ನೋಡುವಾಗಲೇ ಬೆಲೆಯ ಕೆಳಗಿನ ಸಣ್ಣ ಅಕ್ಷರ ಕಾಣಿಸಿತು. ಮೊದಲ ಫ್ರಿಜ್‌ನ ಬೆಲೆಯಲ್ಲಿ ಒಂದು ಕಾರ್ಡಿನ 1,500 ರೂಪಾಯಿ ರಿಯಾಯಿತಿ ಸೇರಿತ್ತು. ಆ ಕಾರ್ಡು ತಂಗಿಯ ಹತ್ತಿರ ಇಲ್ಲ. ಅಂದರೆ ಅವಳಿಗೆ ಅದು 23,990. ಇನ್ನೊಂದರ ಬೆಲೆಯಲ್ಲಿ ಅಂಥ ಯಾವ ಷರತ್ತೂ ಇರಲಿಲ್ಲ. ಅಂತರ ಒಂದೇ ಸಾವಿರಕ್ಕೆ ಇಳಿಯಿತು.

ಆಮೇಲೆ ಲೀಟರ್. 253 ಅನ್ನುವುದು ಒಟ್ಟು ಅಳತೆ. ಸಾಮಾನು ಇಡಲು ಸಿಗುವ ಜಾಗ 235 ಲೀಟರ್ ಎಂದು ವಿವರದ ಕೊನೆಯಲ್ಲಿತ್ತು. ಇನ್ನೊಂದರ 236 ಸಾಮಾನು ಇಡುವ ಜಾಗದ್ದೇ ಅಳತೆ. ಎರಡೂ ಒಂದೇ ಗಾತ್ರ!

ಕರೆಂಟಿನ ಸಾಲಿನಲ್ಲಿ ನಾನು ಸ್ಟಾರ್ ಬರೆಯಲಿಲ್ಲ. ಸ್ಟಾರ್ ಕೊಡುವ ಅಳತೆ ಆಗಾಗ ಬಿಗಿಯಾಗುತ್ತದೆ, ಫ್ರಿಜ್‌ಗಳಿಗೆ 2023ರ ಜನವರಿಯಲ್ಲಿ ಹಾಗೆ ಆಯಿತು. ಹಳೆಯ ಮೂರು ಸ್ಟಾರ್, ಹೊಸ ಮೂರು ಸ್ಟಾರ್ ಒಂದೇ ಅಲ್ಲ. ಲೇಬಲ್ ಮೇಲೆ ವರ್ಷಕ್ಕೆ ಎಷ್ಟು ಯೂನಿಟ್ ಎಂದು ಇರುತ್ತದೆ, ಅದನ್ನೇ ಬರೆದೆ. ಮೊದಲನೆಯದು 226, ಎರಡನೆಯದು 187. ಯೂನಿಟ್‌ಗೆ ಆರು ರೂಪಾಯಿ ಹಿಡಿದರೆ ವರ್ಷಕ್ಕೆ 234 ರೂಪಾಯಿ ಉಳಿತಾಯ. ಜಾಸ್ತಿ ಕೊಟ್ಟ ಸಾವಿರ ನಾಲ್ಕೂಕಾಲು ವರ್ಷದಲ್ಲಿ ವಾಪಸ್ಸು.

ವಾರಂಟಿಯಲ್ಲಿ ಮೊದಲನೆಯದು "10 ವರ್ಷ" ಅಂದಿತ್ತು. ಅದು ಕಂಪ್ರೆಸರ್‌ಗೆ ಮಾತ್ರ. ಇಡೀ ಫ್ರಿಜ್‌ಗೆ ಎಷ್ಟು ಅನ್ನುವುದು ಯಾವ ಚಿತ್ರದಲ್ಲೂ ಇರಲಿಲ್ಲ. ಹಾಳೆಯ ಆ ಚೌಕದಲ್ಲಿ "ಇಲ್ಲ" ಎಂದು ಬರೆಯಲಿಲ್ಲ, "ಹೇಳಿಲ್ಲ" ಎಂದು ಬರೆದೆ. ಸುಮ್ನೆ ಖಾಲಿ ಬಿಟ್ಟಿದ್ದರೆ ಅದು ನಾನು ನೋಡಲು ಮರೆತದ್ದೋ, ಅವರು ಹೇಳದೇ ಇದ್ದದ್ದೋ ಗೊತ್ತಾಗುತ್ತಿರಲಿಲ್ಲ.

ಹಾಳೆಯ ಮೇಲೆ ಸ್ಕ್ರೀನ್‌ಶಾಟ್ ತೆಗೆದ ತಾರೀಕು ಮತ್ತು ತಂಗಿಯ ಊರಿನ ಪಿನ್‌ಕೋಡ್ ಬರೆದು, ಫೋಟೋ ತೆಗೆದು ಅವಳಿಗೆ ಕಳಿಸಿದೆ. ಅವಳು ಆ "ಹೇಳಿಲ್ಲ" ಅನ್ನುವ ಚೌಕಕ್ಕೆ ಉತ್ತರ ಹುಡುಕಿಕೊಂಡು ಮಾರನೆಯ ದಿನ ಅಂಗಡಿಗೆ ಹೋದಳು.