ಆರುನೂರು ಫೋಟೋ, ಮೂವತ್ತು ಮುಖ

ಕೇಳುಗರಿಗೆ ನಮಸ್ಕಾರ.

ಮನೆಯಲ್ಲಿ ಒಂದು ಮದುವೆ ಮುಗಿದರೆ ಮೆಮೊರಿ ಕಾರ್ಡಿನಲ್ಲಿ ಆರುನೂರು ಫೋಟೋ ಇರುತ್ತವೆ. ಕ್ಯಾಮೆರಾ ಹಿಡಿದವರು ಮನೆಯವರೇ ಆಗಿದ್ದರೆ ತಿದ್ದುವ ಕೆಲಸವೂ ಅವರದ್ದೇ. ಒಂದೊಂದಾಗಿ ತಿದ್ದಲು ಕೂತರೆ ಸೀಮಂತದ ಹೊತ್ತಿಗೂ ಆಲ್ಬಮ್ ಸಿಗುವುದಿಲ್ಲ. ಹಾಗಂತ ಎಲ್ಲ ಫೋಟೋಗೂ ಒಂದೇ ಪ್ರಿಸೆಟ್, ಅಂದರೆ ಮೊದಲೇ ಉಳಿಸಿಟ್ಟ ತಿದ್ದುಪಡಿಗಳ ಕಟ್ಟು, ಹಾಕಿದರೆ ಅರ್ಧಕ್ಕರ್ಧ ಮುಖ ಕಿತ್ತಳೆ ಬಣ್ಣಕ್ಕೆ ತಿರುಗುತ್ತವೆ.

ತಪ್ಪು ಪ್ರಿಸೆಟ್‌ನದಲ್ಲ, ಬೆಳಕಿನದು. ಬೆಳಕಿನ ಬಣ್ಣವನ್ನು ಅಳೆಯುವುದು ಕೆಲ್ವಿನ್‌ನಲ್ಲಿ: ಛತ್ರದ ಹಳದಿ ಬಲ್ಬಿನ ಬೆಳಕು ಸುಮಾರು 3000 ಕೆಲ್ವಿನ್, ಹೊರಗಿನ ಬಿಸಿಲು ಸುಮಾರು 5500. ಬಿಳಿಯನ್ನು ಬಿಳಿಯಾಗಿಯೇ ತೋರಿಸುವ ಹೊಂದಾಣಿಕೆಗೆ ವೈಟ್ ಬ್ಯಾಲೆನ್ಸ್ ಅನ್ನುತ್ತಾರೆ. ಬಿಸಿಲಿಗೆ ಕೂರಿಸಿದ ವೈಟ್ ಬ್ಯಾಲೆನ್ಸ್ ಪ್ರಿಸೆಟ್ ಒಳಗೆ ಸೇರಿಕೊಂಡಿದ್ದರೆ ಧಾರೆಯ ಫೋಟೋಗಳು ಕೆಡಲೇಬೇಕು. ಆದ್ದರಿಂದ ಪ್ರಿಸೆಟ್ ಉಳಿಸುವಾಗ ವೈಟ್ ಬ್ಯಾಲೆನ್ಸ್ ಮತ್ತು ಎಕ್ಸ್‌ಪೋಶರ್ ಎರಡರ ಟಿಕ್ಕನ್ನೂ ತೆಗೆಯಿರಿ. ಕಾಂಟ್ರಾಸ್ಟ್, ನೆರಳು, ಬಣ್ಣದ ಹದ ಇಷ್ಟು ಉಳಿದರೆ ಸಾಕು.

ನಾನು ಹೇಳುತ್ತಿರುವುದು ಫೋಟೋ ತಿದ್ದುವ ಸಾಫ್ಟ್‌ವೇರ್ ಲೈಟ್‌ರೂಮ್ ಕ್ಲಾಸಿಕ್‌ನ ಲೆಕ್ಕ. ಮೊದಲು ಮಸುಕಾದವನ್ನು ಎಕ್ಸ್ ಕೀ ಒತ್ತಿ ಬದಿಗಿಡಿ. ಉಳಿದದ್ದನ್ನು ಶಾಸ್ತ್ರದ ಪ್ರಕಾರ ವಿಂಗಡಿಸಬೇಡಿ, ಬೆಳಕಿನ ಪ್ರಕಾರ ವಿಂಗಡಿಸಿ. ಅರಿಶಿನ ಶಾಸ್ತ್ರ ಅಂಗಳದಲ್ಲಿ ನಡೆದಿರುತ್ತದೆ, ವರಪೂಜೆಯೂ ಬಾಗಿಲ ಹೊರಗೇ. ಅವೆರಡೂ ಒಂದೇ ಗುಂಪು. ಧಾರೆ ವಿಡಿಯೋದವರ ಲೈಟಿನಲ್ಲಿ ನಡೆಯುತ್ತದೆ, ಅದು ಇನ್ನೊಂದು. ಆರತಕ್ಷತೆಯ ನೇರಳೆ ಎಲ್‌ಇಡಿ ಬೇರೆ, ಊಟದ ಹಾಲಿನ ಟ್ಯೂಬ್‌ಲೈಟ್ ಬೇರೆ. ಸಾಮಾನ್ಯವಾಗಿ ನಾಲ್ಕೈದು ಗುಂಪಿಗೆ ಮುಗಿಯುತ್ತದೆ.

ಈಗ ಧಾರೆಯ ಗುಂಪನ್ನೇ ತೆಗೆದುಕೊಳ್ಳೋಣ. ಇನ್ನೂರು ಫೋಟೋ ಇದೆ ಅಂತಿಟ್ಟುಕೊಳ್ಳಿ. ಎಲ್ಲಕ್ಕೂ ಪ್ರಿಸೆಟ್ ಹಾಕಿ, ಮದುಮಗಳ ಮುಖವೂ ಯಾರದ್ದಾದರೂ ಬಿಳಿ ಪಂಚೆಯೂ ಚೆನ್ನಾಗಿ ಕಾಣುವ ಒಂದು ಫೋಟೋ ಆರಿಸಿ. ವೈಟ್ ಬ್ಯಾಲೆನ್ಸ್‌ನ ಡ್ರಾಪರನ್ನು ಆ ಪಂಚೆಯ ನೆರಳಿರುವ ಮಡಿಕೆಯ ಮೇಲೆ ಒತ್ತಿ. ಲೈಟ್ ನೇರ ಬಿದ್ದು ಪೂರ್ತಿ ಬೆಳ್ಳಗಾದ ಜಾಗದಲ್ಲಿ ಬಣ್ಣದ ಮಾಹಿತಿಯೇ ಇರುವುದಿಲ್ಲ, ಅಲ್ಲಿ ಒತ್ತಿ ಪ್ರಯೋಜನವಿಲ್ಲ. ಧಾರೆ ಸೀರೆಯ ಮೇಲಂತೂ ಬೇಡ. ಅದು ಬಿಳಿಯ ಹಾಗೆ ಕಂಡರೂ ಕೆನೆಬಣ್ಣ, ಅದನ್ನು ಬಿಳಿ ಅಂತ ನಂಬಿಸಿದರೆ ಮುಖಗಳೆಲ್ಲ ನೀಲಿಗೆ ವಾಲುತ್ತವೆ.

ಆ ಒಂದು ಫೋಟೋ ಸರಿಯಾದ ಮೇಲೆ ಉಳಿದವನ್ನೂ ಸೆಲೆಕ್ಟ್ ಮಾಡಿ ಸಿಂಕ್ ಒತ್ತಿ. ಕ್ರಾಪ್ ಮತ್ತು ಮಾಸ್ಕ್‌ನ ಟಿಕ್ ತೆಗೆದಿರಲಿ, ಇಲ್ಲದಿದ್ದರೆ ಒಂದು ಫೋಟೋದ ಕತ್ತರಿ ಇನ್ನೊಂದರಲ್ಲಿ ಅಜ್ಜಿಯ ತಲೆಯನ್ನೇ ಹಾರಿಸುತ್ತದೆ. ಕ್ಯಾಮೆರಾ ಆಟೋದಲ್ಲಿದ್ದರೆ ಒಂದು ಫೋಟೋ ಕಪ್ಪು, ಪಕ್ಕದ್ದು ಬೆಳ್ಳಗೆ ಬಂದಿರುತ್ತದೆ. ಅದಕ್ಕೆ ಮ್ಯಾಚ್ ಟೋಟಲ್ ಎಕ್ಸ್‌ಪೋಶರ್ಸ್ ಎಂಬ ಕಮಾಂಡ್ ಇದೆ. ಅದು ಕ್ಯಾಮೆರಾ ಬರೆದಿಟ್ಟ ಶಟರ್, ಅಪರ್ಚರ್, ಐಎಸ್‌ಒ ನೋಡಿ ಲೆಕ್ಕ ಹಾಕುತ್ತದೆ. ಫ್ಲ್ಯಾಶ್ ಹೆಚ್ಚುಕಮ್ಮಿ ಆಗಿದ್ದರೆ ಅದಕ್ಕೆ ಗೊತ್ತಾಗುವುದಿಲ್ಲ.

ಇನ್ನು ಮುಖಗಳು. ಫೋಟೋಗಳನ್ನು ದೊಡ್ಡದು ಮಾಡಿ ನೋಡಬೇಡಿ. ಗ್ರಿಡ್‌ನಲ್ಲಿ ಚಿಕ್ಕದಾಗಿಯೇ ಸಾಲಾಗಿ ನೋಡುತ್ತಾ ಹೋದರೆ ಗುಂಪಿಗೆ ಹೊಂದದ ಮುಖ ತಾನಾಗಿ ಕಣ್ಣಿಗೆ ಬೀಳುತ್ತದೆ. ಅದಕ್ಕೆ ಆರರ ಕೀ ಒತ್ತಿ ಕೆಂಪು ಲೇಬಲ್ ಹಾಕಿ, ಮುಂದೆ ಹೋಗಿ. ಕೊನೆಗೆ ಕೆಂಪು ಮಾತ್ರ ಫಿಲ್ಟರ್ ಮಾಡಿದರೆ ಆರುನೂರರಲ್ಲಿ ಮೂವತ್ತೋ ನಲವತ್ತೋ ಉಳಿಯಬಹುದು.

ಅದರಲ್ಲಿ ಹೆಚ್ಚಿನವು ಬಾಗಿಲಿಗೆ ಬೆನ್ನು ಮಾಡಿ ನಿಂತವರ ಕಪ್ಪು ಮುಖಗಳು. ಮಾಸ್ಕಿಂಗ್‌ನಲ್ಲಿ ಪೀಪಲ್ ಆರಿಸಿ, ಫೇಸ್ ಸ್ಕಿನ್ ಮಾತ್ರ ಹಿಡಿದು, ಎಕ್ಸ್‌ಪೋಶರ್ ಅರ್ಧ ಸ್ಟಾಪ್, ಅಂದರೆ ಸ್ಲೈಡರ್‌ನಲ್ಲಿ 0.50, ಏರಿಸಿ. ಒಂದು ಸ್ಟಾಪ್ ದಾಟಿದರೆ ಮುಖ ಬೇರೆ, ಕುತ್ತಿಗೆ ಬೇರೆ ಅನ್ನಿಸುತ್ತದೆ. ಹಾಗಾದರೆ ಬಾಡಿ ಸ್ಕಿನ್ ಕೂಡ ಸೇರಿಸಿ. ಕೆಂಪು ರೇಷ್ಮೆ ಸೀರೆಯ ಬಣ್ಣ ಗಲ್ಲದ ಕೆಳಗೆ ಬಡಿದಿದ್ದರೆ ಅಲ್ಲಿ ಮಾತ್ರ ಬ್ರಶ್ ಹಿಡಿದು ಟಿಂಟನ್ನು ಸ್ವಲ್ಪ ಹಸಿರಿನ ಕಡೆ ಸರಿಸಿ. ಅರಿಶಿನದ ಮುಖವನ್ನು ಮಾತ್ರ ತಿದ್ದಬೇಡಿ ಮಾರಾಯ್ರೆ, ಅದು ಹಳದಿಯಾಗಿಯೇ ಇರಬೇಕು. ಹಳದಿಯನ್ನು ಮಂಕು ಮಾಡುವ ಫ್ಯಾಷನ್ ಪ್ರಿಸೆಟ್‌ಗಳನ್ನು ಆ ಗುಂಪಿಗೆ ಹಾಕಲೇಬೇಡಿ. ಯಾರ ಮೈಬಣ್ಣವನ್ನೂ ಬೆಳ್ಳಗೆ ಮಾಡುವುದು ನನಗಂತೂ ಸರಿ ಕಾಣುವುದಿಲ್ಲ.

ಕಣ್ಣು ಮುಚ್ಚಿದವರಿಗೆ ಸ್ಲೈಡರ್‌ಗಳಲ್ಲಿ ಮದ್ದಿಲ್ಲ. ಗುಂಪು ಫೋಟೋ ಒಂದರ ಹಿಂದೊಂದು ನಾಲ್ಕು ತೆಗೆದಿದ್ದರೆ, ಪಕ್ಕದ ಫೋಟೋದಿಂದ ಆ ಮುಖವನ್ನು ಫೋಟೋಶಾಪ್‌ನಲ್ಲಿ ತಂದು ಕೂರಿಸಬಹುದು. ಎರಡೂ ಲೇಯರನ್ನು ಮೊದಲು ಆಟೋ ಅಲೈನ್ ಮಾಡಿ, ಆಮೇಲೆ ಮಾಸ್ಕ್ ಹಾಕಿ.

ನೇರಳೆ ಎಲ್‌ಇಡಿಯಲ್ಲಿ ಮುಳುಗಿದ ಮುಖಕ್ಕೆ ಚರ್ಮದ ಬಣ್ಣ ವಾಪಸ್ ಬರುವುದು ಕಷ್ಟ. ಕಪ್ಪು-ಬಿಳುಪು ಮಾಡಿಬಿಡಿ, ಎಷ್ಟೋ ಸಲ ಅದೇ ಚೆನ್ನಾಗಿರುತ್ತದೆ. ವಿಡಿಯೋ ಲೈಟಿಗೆ ಹಣೆ ಪೂರ್ತಿ ಸುಟ್ಟಿದ್ದರೆ, ಅದೂ ಜೆಪೆಗ್ ಆಗಿದ್ದರೆ, ಆ ಫೋಟೋಗೂ ಎಕ್ಸ್ ಒತ್ತಿ ಮುಂದಿನದಕ್ಕೆ ಹೋಗಿ.

ನಮಸ್ಕಾರ.